ತಾತನ ಟ್ರಂಕಿನ ನೆಗೆಟಿವ್: ‘ಗಾಂಧೀಜಿ, ಬೆಂಗಳೂರು 1915’ ನಿಜವೇ?

ಚಿಕ್ಕಪೇಟೆ_ರವಿ
ನಮಸ್ಕಾರ ಎಲ್ಲರಿಗೂ. ಮನೆ ಖಾಲಿ ಮಾಡುವಾಗ ತಾತನ ಟ್ರಂಕಿನಲ್ಲಿ ಒಂದು ಕವರ್ ಸಿಕ್ಕಿತು. ಒಳಗೆ ಒಂದು ನೆಗೆಟಿವ್, ಅದರ ಅಳತೆಯದೇ ಒಂದು ಚಿಕ್ಕ ಪ್ರಿಂಟ್. ಪ್ರಿಂಟಿನ ಹಿಂದೆ ನೀಲಿ ಇಂಕಿನಲ್ಲಿ ‘ಗಾಂಧೀಜಿ, ಬೆಂಗಳೂರು 1915’ ಅಂತ ಬರೆದಿದೆ. ಕಲ್ಲಿನ ಮೆಟ್ಟಿಲ ಮೇಲೆ ಹತ್ತು ಹನ್ನೆರಡು ಜನ. ನಡುವೆ ಕುರ್ಚಿಯಲ್ಲಿ ದೊಡ್ಡ ಬಿಳಿ ಪೇಟದವರು ಒಬ್ಬರು, ಉದ್ದ ಅಂಗಿ, ಮೀಸೆ, ದುಂಡು ಕನ್ನಡಕ. ಫೋಟೋ ತೆಗೆದದ್ದು ತಾತನೇ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸಂಬಂಧಿಕರೊಬ್ಬರು ಪತ್ರಿಕೆಗೆ ಕೊಡೋಣ ಅಂತ ಹಟ ಹಿಡಿದಿದ್ದಾರೆ. ಕೊಡುವ ಮುಂಚೆ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಶೆಟ್ರು_ಡಾರ್ಕ್‌ರೂಮ್
ರವಿಯವರೇ, ಮುಖ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಆ ನೆಗೆಟಿವ್ ಏನು ಹೇಳುತ್ತದೆ ನೋಡೋಣ. ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬಿಳಿ ಪರದೆ ತೆರೆದು ಅದರ ಮುಂದೆ ಹಿಡಿಯಿರಿ. ಪರದೆಗೆ ತಾಗಿಸಬೇಡಿ, ಎರಡು ಇಂಚು ದೂರ ಇರಲಿ. ಚಿತ್ರದ ಹೊರಗಿನ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು ಇರುತ್ತವೆ, ಅವನ್ನು ಹಾಗೇ ಬರೆದುಕೊಳ್ಳಿ. ಅಳತೆಯನ್ನೂ ತಿಳಿಸಿ. ಬರೀ ಕೈಯಲ್ಲಿ ನಡುಭಾಗ ಮುಟ್ಟಬೇಡಿ.

ಗುರುಪ್ರಸಾದ್_77
ಹಳೇ ಫಿಲ್ಮ್ ಹೌದೋ ಅಲ್ಲವೋ ತಿಳಿಯಲು ಮೂಲೆಯಿಂದ ಚೂರು ಕತ್ತರಿಸಿ ಬೆಂಕಿ ಹಚ್ಚಿ ನೋಡಿ. ಭಗ್ಗನೆ ಉರಿದರೆ ನೈಟ್ರೇಟ್, ಅಂದರೆ ಹಳೆಯದು.

ಶೆಟ್ರು_ಡಾರ್ಕ್‌ರೂಮ್
ಗುರುಪ್ರಸಾದರೇ, ಉರಿಯುವುದು ನಿಜ. ಆದರೆ ಮನೆಯಲ್ಲಿ ಆ ಪರೀಕ್ಷೆ ಬೇಡ, ನೈಟ್ರೇಟ್ ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಅಂಚಿನಲ್ಲಿ ‘ಸೇಫ್ಟಿ’ ಅಂತ ಇದ್ದರೆ ಅದು ನೈಟ್ರೇಟ್ ಅಲ್ಲ ಎಂದಷ್ಟೇ ಗೊತ್ತಾಗುತ್ತದೆ. ಸೇಫ್ಟಿ ಫಿಲ್ಮ್ ನೈಟ್ರೇಟ್ ಕಾಲದಲ್ಲೂ ಇತ್ತು, ಹಾಗಾಗಿ ಅದರಿಂದ ಇಸವಿ ಸಿಗುವುದಿಲ್ಲ. ಇಸವಿ ಸಿಗುವುದು ಫಿಲ್ಮಿನ ಹೆಸರಿನಿಂದ.

ಚಿಕ್ಕಪೇಟೆ_ರವಿ
ನೋಡಿದೆ ಸಾರ್. ಚಿತ್ರದ ಭಾಗ ಸುಮಾರು 6 ಸೆಂ.ಮೀ. × 9 ಸೆಂ.ಮೀ. ಅಂಚಿನಲ್ಲಿ ‘ಕೊಡಕ್ ವೆರಿಕ್ರೋಮ್ ಪ್ಯಾನ್ ಫಿಲ್ಮ್’ ಅಂತ ಇಂಗ್ಲಿಷಿನಲ್ಲಿದೆ, ಪಕ್ಕದಲ್ಲಿ 5 ಎಂಬ ಅಂಕಿ.

ಗುರುಪ್ರಸಾದ್_77
ಮುಗೀತು ಬಿಡಿ. ವೆರಿಕ್ರೋಮ್ ಪ್ಯಾನ್ ಬಂದದ್ದು 1956ರಲ್ಲಿ. ಗಾಂಧೀಜಿ ಹೋದದ್ದು 1948ರ ಜನವರಿ 30. ಸತ್ತು ಎಂಟು ವರ್ಷವಾದ ಮೇಲೆ ಮೆಟ್ಟಿಲ ಮೇಲೆ ಬಂದು ಕೂತರೇ? ಸುಳ್ಳು ಫೋಟೋ.

ಶೆಟ್ರು_ಡಾರ್ಕ್‌ರೂಮ್
ಇಸವಿ ಸರಿ, ತೀರ್ಮಾನಕ್ಕೆ ಅವಸರ ಆಯಿತು. ಅಂಚಿನ ಅಕ್ಷರ ಹೇಳುವುದು ಫಿಲ್ಮಿನ ವಯಸ್ಸನ್ನು. ಅದರೊಳಗಿನ ದೃಶ್ಯ ಎಷ್ಟು ಹಳೆಯದು ಅನ್ನುವುದು ಬೇರೆ ಪ್ರಶ್ನೆ. ಆ ಕಾಲದ ಸ್ಟುಡಿಯೋಗಳಲ್ಲಿ ಅರ್ಧ ಕೆಲಸವೇ ಕಾಪಿ ಮಾಡುವುದು. ಯಾರದೋ ಮನೆಯ ಹಳೇ ಫೋಟೋ ತಂದುಕೊಟ್ಟರೆ ಅದನ್ನು ಹಲಗೆಗೆ ಪಿನ್ ಹೊಡೆದು, ಎರಡು ಕಡೆಯಿಂದ ಲೈಟ್ ಬಿಟ್ಟು, ಅದರ ಫೋಟೋ ತೆಗೆಯುತ್ತಿದ್ದರು. ಹಾಗಾಗಿ 1956ರ ನಂತರದ ಫಿಲ್ಮಿನಲ್ಲಿ 1915ರ ದೃಶ್ಯ ಇರಬಹುದು. ‘1915ರಲ್ಲಿ ತಾತನೇ ಕ್ಲಿಕ್ ಮಾಡಿದ ಮೂಲ ನೆಗೆಟಿವ್’ ಅನ್ನುವ ಮಾತು ಮಾತ್ರ ಇಲ್ಲಿಗೆ ಬಿದ್ದುಹೋಯಿತು.

ರವಿಯವರೇ, ನೆಗೆಟಿವಿನ ನಾಲ್ಕೂ ಮೂಲೆ ಭೂತಗನ್ನಡಿಯಲ್ಲಿ ನೋಡಿ. ಕಾಪಿ ಆಗಿದ್ದರೆ ಹಳೇ ಪ್ರಿಂಟಿನ ಅಂಚು ಚಿತ್ರದ ಒಳಗೇ ಗೆರೆಯಾಗಿ ಬಿದ್ದಿರುತ್ತದೆ, ಪಿನ್ನಿನ ತಲೆಗಳೂ ಕಾಣಬಹುದು. ಹಳೇ ಕಾಗದದಲ್ಲಿ ಮಡಿಕೆ ಬಿರುಕು ಇದ್ದರೆ ಅದೂ ಚಿತ್ರದ ಭಾಗವಾಗಿ ಬಂದಿರುತ್ತದೆ. ಫಿಲ್ಮಿನ ಮೇಲೆ ಬೆರಳಾಡಿಸಿದರೆ ಗೀರು ಸಿಗುವುದಿಲ್ಲ, ಆದರೆ ಕಣ್ಣಿಗೆ ಬಿರುಕು ಕಾಣುತ್ತದೆ. ಬೆರಳಾಡಿಸುವುದಾದರೆ ಹೊಳಪಿರುವ ಕಡೆ ಮಾತ್ರ.

ಸುಮಾ_ಹಾಸನ
ನನ್ನ ಹತ್ತಿರವೂ ಇಂಥದ್ದೇ ಒಂದು ಇದೆ. ಟಿಪ್ಪು ಸುಲ್ತಾನನ ನಿಜವಾದ ಫೋಟೋ ಅಂತ ವಾಟ್ಸಾಪಿನಲ್ಲಿ ಬಂದದ್ದು, ಬಿಳಿ ಗಡ್ಡ, ತಲೆಗೆ ಪೇಟ. ಅದರ ಫಿಲ್ಮ್ ಯಾವುದು ಅಂತ ಹೇಗೆ ನೋಡುವುದು?

ಶೆಟ್ರು_ಡಾರ್ಕ್‌ರೂಮ್
ಮೇಡಂ, ಅದಕ್ಕೆ ಫಿಲ್ಮಿನ ತನಕ ಹೋಗುವುದೇ ಬೇಡ. ಟಿಪ್ಪು ಹತನಾದದ್ದು 1799ರಲ್ಲಿ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಆ ಹೆಸರಿನಲ್ಲಿ ಓಡಾಡುವ ಚಿತ್ರ ಬಹುಮಟ್ಟಿಗೆ ಜಂಜಿಬಾರಿನ ವ್ಯಾಪಾರಿ ಟಿಪ್ಪು ಟಿಪ್ ಎಂಬಾತನದು. ಹೆಸರಿನ ಹೋಲಿಕೆ ಮಾಡಿದ ಅವಾಂತರ.

ಚಿಕ್ಕಪೇಟೆ_ರವಿ
ಶೆಟ್ರೇ, ನೀವು ಹೇಳಿದ ಹಾಗೇ ಇದೆ! ಎಡಗಡೆ ಉದ್ದಕ್ಕೂ ಒಂದು ನೇರ ಗೆರೆ, ಅದರ ಪಕ್ಕ ತೆಳು ನೆರಳು. ಬಲ ಮೇಲ್ಮೂಲೆಯಲ್ಲಿ ದುಂಡಗಿನ ಚುಕ್ಕೆ, ಪಿನ್ನೇ ಇರಬೇಕು. ಒಬ್ಬರ ಮೊಣಕಾಲಿನ ಮೇಲೆ ಹಾದುಹೋದ ಮಡಿಕೆ ಕಾಣುತ್ತದೆ, ಫಿಲ್ಮ್ ಮಾತ್ರ ನುಣುಪಾಗಿದೆ. ಹಾಗಾದರೆ 1915 ಇರಬಹುದಲ್ಲವೇ?

ಶೆಟ್ರು_ಡಾರ್ಕ್‌ರೂಮ್
ಇರಬಹುದು. ಇನ್ನು ಬಟ್ಟೆಬರೆಗೆ ಬನ್ನಿ. ಅದು ನನ್ನ ಸೀಮೆಯಲ್ಲ, ವಸುಧಾ ಮೇಡಂ ಬರಲಿ. ಹಿಂಬದಿಯ ನೀಲಿ ಬರಹದ ಬಗ್ಗೆ ಒಂದು ಮಾತು: ಅದು ಬಾಲ್‌ಪೆನ್ ಆಗಿದ್ದರೆ 1945ಕ್ಕಿಂತ ಹಿಂದಿನದಲ್ಲ, ಯಾಕೆಂದರೆ ಬಾಲ್‌ಪೆನ್ ಅಂಗಡಿಗೆ ಬಂದದ್ದೇ ಆಗ. ಅಂದರೆ ಆ ಬರಹ ನೋಡಿದವರ ಸಾಕ್ಷಿಯಾಗದೆ ಯಾರದೋ ನೆನಪೋ ಊಹೆಯೋ ಆಗುತ್ತದೆ.

ವಸುಧಾ_ಕಡತ
ಬಂದೆ. ಗಾಂಧೀಜಿಯ ವಿಷಯದಲ್ಲಿ ನಮಗೊಂದು ಅನುಕೂಲ ಇದೆ, ಅವರ ಉಡುಪು ಬದಲಾದದ್ದಕ್ಕೆ ದಾಖಲೆ ಇದೆ. 1915ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದಾಗ ಕಾಠಿಯಾವಾಡಿ ವೇಷ: ದೊಡ್ಡ ಬಿಳಿ ಪೇಟ, ಉದ್ದ ಅಂಗರಖಾ, ಧೋತ್ರ. 1920ರ ಹೊತ್ತಿಗೆ ಪೇಟ ಹೋಗಿ ಬಿಳಿ ಟೋಪಿ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಟೋಪಿ, ಅಂಗಿ ಎರಡನ್ನೂ ಬಿಟ್ಟು ತುಂಡು ಬಟ್ಟೆಗೆ ಬಂದರು, ಮತ್ತೆ ಹಿಂದಿರುಗಲಿಲ್ಲ. ಆದ್ದರಿಂದ ಪೇಟದ ಗಾಂಧೀಜಿ ಬೆಂಗಳೂರಿನಲ್ಲಿ ಅಂದರೆ ಅದು 1915ರ ಮೇ ತಿಂಗಳ ಭೇಟಿಯೇ ಆಗಬೇಕು. 1920ರ ಆಗಸ್ಟಿನಲ್ಲೂ ಬಂದಿದ್ದರು, ಆಗ ಟೋಪಿಯ ಕಾಲ. 1927ರಲ್ಲಿ ನಂದಿಬೆಟ್ಟ, ಕುಮಾರ ಪಾರ್ಕಿನಲ್ಲಿ ವಿಶ್ರಾಂತಿಗಿದ್ದಾಗ ಮೈಮೇಲೆ ಅಂಗಿಯೇ ಇಲ್ಲ.

ಇಲ್ಲಿಯವರೆಗೆ ನಿಮ್ಮ ಚಿತ್ರ ಪಾಸು. ಕನ್ನಡಕ ಮಾತ್ರ ಚುಚ್ಚುತ್ತದೆ. ಕಸ್ತೂರಬಾ ಜತೆ ನಿಂತಿರುವ 1915ರ ಪ್ರಸಿದ್ಧ ಫೋಟೋದಲ್ಲಿ ಅವರಿಗೆ ಕನ್ನಡಕವಿಲ್ಲ. ಕನ್ನಡಕ ಹಾಕುವುದು ತೆಗೆಯುವುದು ಇದ್ದದ್ದೇ, ಅದರ ಮೇಲೆ ಭಾರ ಹಾಕಲಾರೆ. ನಡುವಿನವರನ್ನು ಬಿಟ್ಟು ಸುತ್ತಲಿನವರನ್ನು ನೋಡಿ ಹೇಳಿ: ತಲೆ ಮೇಲೆ ಏನಿದೆ, ಕೈಯಲ್ಲಿ ಏನಿದೆ, ಹಿಂದಿನ ಗೋಡೆಯಲ್ಲಿ ಏನಿದೆ. ಪ್ರಸಿದ್ಧರಂತೆ ಪೇಟ ಕಟ್ಟಿಕೊಂಡವರು ಸಾವಿರ ಜನ ಸಿಗುತ್ತಾರೆ. ಪಕ್ಕದವರಿಗೆ ವೇಷ ಹಾಕಿಸುವವರು ಯಾರೂ ಇಲ್ಲ, ಅದಕ್ಕೇ ಅವರು ನಂಬಿಕೆಗೆ ಯೋಗ್ಯರು.

ಚಿಕ್ಕಪೇಟೆ_ರವಿ
ನೆಗೆಟಿವನ್ನು 2400 ಡಿಪಿಐಗೆ ಸ್ಕ್ಯಾನ್ ಮಾಡಿಸಿದೆ ಮೇಡಂ. ಹಿಂದಿನ ಸಾಲಿನ ಮೂವರು ಹುಡುಗರಿಗೆ ಬಿಳಿ ದೋಣಿ ಟೋಪಿ. ಬಾಗಿಲ ಮೇಲೆ ಒಂದು ಬೋರ್ಡು, ಅಕ್ಷರ ಉಲ್ಟಾ ಕಾಣುತ್ತಿದೆ. ಬಲತುದಿಯ ಹುಡುಗನ ಕೈಯಲ್ಲಿ ಕೋಲು, ಅದಕ್ಕೊಂದು ಬಾವುಟ.

ಗುರುಪ್ರಸಾದ್_77
ಗಾಂಧಿ ಟೋಪಿ! ಅಸಹಕಾರ ಚಳವಳಿಯ ನಂತರದ್ದು. ಈಗಂತೂ ಮುಗೀತು.

ವಸುಧಾ_ಕಡತ
ದಾರಿ ಸರಿ ಇದೆ ಗುರುಪ್ರಸಾದರೇ, ಆದರೆ ಟೋಪಿಯೊಂದರ ಮೇಲೆ ನಾನು ಸಹಿ ಹಾಕುವುದಿಲ್ಲ. ಆ ಆಕಾರದ ಬಟ್ಟೆ ಟೋಪಿಗಳು ಗಾಂಧೀಜಿಗಿಂತ ಮುಂಚೆಯೂ ಇದ್ದವು. ಒಂದೇ ಸಾಲಿನಲ್ಲಿ ಮೂವರು ಅಂದಾಗ ಅನುಮಾನ ಬಲವಾಗುತ್ತದೆ, ಅಷ್ಟೇ. ಬಾವುಟ ದೊಡ್ಡದು ಮಾಡಿ ನೋಡಿ ರವಿಯವರೇ. ಪಟ್ಟಿಗಳು ಎಷ್ಟು, ಯಾವುದು ಕಪ್ಪು ಯಾವುದು ಬಿಳಿ, ನಡುವೆ ಏನಾದರೂ ಇದೆಯೇ?

ಶೆಟ್ರು_ಡಾರ್ಕ್‌ರೂಮ್
ಬೋರ್ಡು ಉಲ್ಟಾ ಅಂದರೆ ನೆಗೆಟಿವ್ ತಿರುಗಿಸಿ ಇಟ್ಟು ಸ್ಕ್ಯಾನ್ ಮಾಡಿದ್ದಾರೆ. ಮಂಕಾಗಿ ಕಾಣುವ ಕಡೆ ಎಮಲ್ಶನ್, ಹೊಳೆಯುವ ಕಡೆ ಬರೀ ಫಿಲ್ಮ್. ಕಂಪ್ಯೂಟರಿನಲ್ಲೇ ಎಡ–ಬಲ ಮಗುಚಿ, ಸಾಕು. ಹಾಗೆ ಮಾಡಿದರೆ ಬಾವುಟದ ಹುಡುಗ ಎಡತುದಿಗೆ ಹೋಗುತ್ತಾನೆ.

ಚಿಕ್ಕಪೇಟೆ_ರವಿ
ಮಗುಚಿದೆ. ಬೋರ್ಡಿನಲ್ಲಿ ‘…ಚನಾಲಯ’ ಅಂತ ಓದಬಹುದು, ಮುಂದಿನ ಅಕ್ಷರಗಳು ಕಂಬದ ಹಿಂದೆ. ಬಾವುಟದಲ್ಲಿ ಮೂರು ಅಡ್ಡ ಪಟ್ಟಿ. ಮೇಲಿನದೂ ಕೆಳಗಿನದೂ ಗಾಢ, ನಡುವಿನದು ಬಿಳಿ. ಬಿಳಿಯ ಒಳಗೆ ಚಕ್ರ, ಅದರಿಂದ ಒಂದು ಕಡೆಗೆ ಚಾಚಿದ ಹಲಗೆ. ಅಶೋಕ ಚಕ್ರ ಅಲ್ಲ, ಚರಕವೇ.

ವಸುಧಾ_ಕಡತ
ಹಾಗಾದರೆ ಕೇಳಿ. ಚರಕವಿರುವ ಬಾವುಟದ ಮಾತು ಶುರುವಾದದ್ದೇ 1921ರಲ್ಲಿ. ಆ ಮೊದಲ ಬಾವುಟದಲ್ಲಿ ಬಿಳಿ ಪಟ್ಟಿ ಮೇಲಿತ್ತು, ನಡುವೆ ಹಸಿರು, ಕೆಳಗೆ ಕೆಂಪು, ಚರಕ ಮೂರೂ ಪಟ್ಟಿಗಳ ಮೇಲೆ ಹರಡಿಕೊಂಡಿತ್ತು. ಕೇಸರಿ ಮೇಲೆ, ಬಿಳಿ ನಡುವೆ, ಹಸಿರು ಕೆಳಗೆ, ಬಿಳಿಯಲ್ಲಿ ಚರಕ ಎಂಬ ಜೋಡಣೆಯನ್ನು ಕಾಂಗ್ರೆಸ್ ಒಪ್ಪಿದ್ದು 1931ರಲ್ಲಿ. ನಿಮ್ಮದು ಎರಡನೆಯದು. ಅಂದರೆ ಈ ಮೆಟ್ಟಿಲ ಮೇಲೆ ಜನ ಕೂತದ್ದು 1931ಕ್ಕಿಂತ ಹಿಂದೆ ಅಲ್ಲ. ಆ ಹೊತ್ತಿಗೆ ಗಾಂಧೀಜಿ ಪೇಟ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಮನೆಯಲ್ಲೇ ಹೊಲಿದ ಬಾವುಟ, ಪಟ್ಟಿ ಹೆಚ್ಚುಕಡಿಮೆ ಅಂತ ವಾದಿಸಿದರೂ ಚರಕ ಇರುವುದರಿಂದ 1921ಕ್ಕಿಂತ ಹಿಂದೆ ಹೋಗಲಾಗದು, 1915 ಅಂತೂ ಸಾಧ್ಯವೇ ಇಲ್ಲ.

ಪೇಟದವರು ಗಾಂಧೀಜಿ ಅಲ್ಲ.

ಶೆಟ್ರು_ಡಾರ್ಕ್‌ರೂಮ್
ಪಟ್ಟಿ ಗಾಢ ಬಂದದ್ದನ್ನು ನೋಡಿ ಕೇಸರಿಯೋ ಕೆಂಪೋ ಅಂತ ಹೇಳಲು ಆಗುವುದಿಲ್ಲ, ಅದನ್ನೂ ಸೇರಿಸುತ್ತೇನೆ. ಹಳೇ ಆರ್ಥೋ ಫಿಲ್ಮಿಗೆ ಕೆಂಪು ಕಾಣದು, ಕುಂಕುಮ ಕಾಡಿಗೆಯ ಹಾಗೆ ಕಪ್ಪಗೆ ಬೀಳುತ್ತದೆ. ಬಿಳಿ ಎಲ್ಲಿದೆ ಅನ್ನುವುದಕ್ಕೆ ಮಾತ್ರ ಈ ತೊಂದರೆ ಇಲ್ಲ, ಮೇಡಂ ವಾದ ನಿಂತಿರುವುದು ಅದರ ಮೇಲೆ.

ಚಿಕ್ಕಪೇಟೆ_ರವಿ
ಸಂಬಂಧಿಕರು ಒಪ್ಪುತ್ತಿಲ್ಲ. ‘ಕಿವಿ ನೋಡು, ಗಾಂಧೀಜಿಯದೇ’ ಅನ್ನುತ್ತಾರೆ. 1915ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದದ್ದಕ್ಕೆ ದಾಖಲೆ ಇದೆಯೇ ಅಂತಲೂ ಕೇಳುತ್ತಿದ್ದಾರೆ. ಬಂದಿದ್ದರೆ ಫೋಟೋ ನಿಜ ಅನ್ನುವುದು ಅವರ ಲೆಕ್ಕ.

ವಸುಧಾ_ಕಡತ
ಬಂದದ್ದು ನಿಜ, 1915ರ ಮೇ 8. ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು. gandhiheritageportal.org ತೆರೆದು ಸಮಗ್ರ ಕೃತಿಗಳ ಇಂಗ್ಲಿಷ್ ಆವೃತ್ತಿಯ 13ನೇ ಸಂಪುಟದಲ್ಲಿ ಮೇ ತಿಂಗಳಿಗೆ ಹೋಗಿ, ಬೆಂಗಳೂರಿನ ಭಾಷಣಗಳು ಸಿಗುತ್ತವೆ. ತಮ್ಮನ್ನು ಗಾಡಿಯಲ್ಲಿ ಕೂರಿಸಿ ಜನ ಎಳೆಯುವುದು ಬೇಡವಾಗಿತ್ತು, ಹಾಗೆ ಎಳೆದು ಸಾರ್ವಜನಿಕ ಕೆಲಸದವರನ್ನು ಕೆಡಿಸಬೇಡಿ ಎಂದು ಅವರು ಹೇಳಿದ್ದು ಅಲ್ಲೇ ಇದೆ. ಆದರೆ ಭೇಟಿ ನಿಜವಾದರೆ ಭೇಟಿಯಷ್ಟೇ ನಿಜ. ಇಂಥ ತಪ್ಪು ಶೀರ್ಷಿಕೆಗಳು ಹುಟ್ಟುವುದೂ ಹೀಗೇ: ಇಸವಿ ಯಾರಿಗೋ ಗೊತ್ತಿರುತ್ತದೆ, ಪೇಟದ ಫೋಟೋ ಕೈಗೆ ಸಿಗುತ್ತದೆ, ಎರಡನ್ನೂ ಕೂಡಿಸುತ್ತಾರೆ.

ಕಿವಿಯ ವಿಷಯ: 6 × 9ರಲ್ಲಿ ಹನ್ನೆರಡು ಜನ ಅಂದರೆ ಒಬ್ಬರ ಕಿವಿ ಒಂದೆರಡು ಮಿಲಿಮೀಟರ್ ಅಷ್ಟೇ, ಅದೂ ಕಾಪಿಯಲ್ಲಿ. ಮೇಲರ್ಧ ಪೇಟದೊಳಗೆ. ಅಲ್ಲಿ ಯಾರ ಕಿವಿ ಬೇಕಾದರೂ ಕಾಣುತ್ತದೆ.

ಗುರುಪ್ರಸಾದ್_77
ಹಾಗಾದರೆ ಆ ಹಿರಿಯರು ಯಾರು? ಮೈಸೂರು ಸಂಸ್ಥಾನದಲ್ಲಿ ಬಾವುಟ ಹಿಡಿದು ಕೂತಿದ್ದಾರೆ ಅಂದರೆ 1938ರ ಶಿವಪುರದ ಧ್ವಜ ಸತ್ಯಾಗ್ರಹ ಇರಬಹುದು!

ವಸುಧಾ_ಕಡತ
ಒಂದು ಹೆಸರು ತೆಗೆದು ಇನ್ನೊಂದು ಅಂಟಿಸುವುದು ಬೇಡ ಮಾರಾಯರೇ. ಊರು ಬೆಂಗಳೂರೇ ಅನ್ನುವುದಕ್ಕೂ ಆ ನೀಲಿ ಬರಹ ಬಿಟ್ಟು ಬೇರೇನೂ ಇಲ್ಲ. ಚರಕದ ಬಾವುಟವನ್ನು ಕಾಂಗ್ರೆಸ್ಸಿನವರು 1947ರ ನಂತರವೂ ಹಿಡಿದರು, ಹಾಗಾಗಿ ಈಚೆಯ ಗಡಿಯೂ ಗಟ್ಟಿಯಿಲ್ಲ. ‘…ಚನಾಲಯ’ ಅಂದರೆ ವಾಚನಾಲಯ ಇರಬೇಕು. ತಾತ ಎಲ್ಲೆಲ್ಲಿ ಕೆಲಸ ಮಾಡಿದ್ದರು ಅಂತ ಮನೆಯಲ್ಲಿ ಕೇಳಿ, ಆ ಊರುಗಳ ಹಳೇ ವಾಚನಾಲಯದ ಮೆಟ್ಟಿಲು ಹುಡುಕಿ. ಕಲ್ಲಿನ ಕಟ್ಟಡವಾದ್ದರಿಂದ ಉಳಿದಿರುವ ಸಂಭವ ಉಂಟು.

ಚಿಕ್ಕಪೇಟೆ_ರವಿ
ಅಜ್ಜಿಯನ್ನು ಕೇಳಿದೆ. ತಾತ ತಿಪಟೂರಿನಲ್ಲೂ ಅರಸೀಕೆರೆಯಲ್ಲೂ ಇದ್ದರಂತೆ. ಫೋಟೋ ತೆಗೆದ ನೆನಪು ಅವರಿಗಿಲ್ಲ, ‘ಸ್ಟುಡಿಯೋದವನ ಹತ್ತಿರ ತೊಳೆಸಿಕೊಂಡು ಬಂದಿದ್ದರು’ ಅಂದರು. ಪತ್ರಿಕೆಗೆ ಕೊಡುವುದು ಸದ್ಯಕ್ಕೆ ನಿಂತಿದೆ. ಹಿಂದಿನ ಬರಹ ಅಳಿಸಿಬಿಡಲೇ?

ವಸುಧಾ_ಕಡತ
ಅಳಿಸಬೇಡಿ, ಅದೂ ಒಂದು ದಾಖಲೆಯೇ. ಪ್ರಿಂಟಿನ ಮೇಲೆ ಏನೂ ಬರೆಯದೆ, ಆಮ್ಲವಿಲ್ಲದ ಕಾಗದದ ಕವರ್ ಮಾಡಿ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ‘ವೆರಿಕ್ರೋಮ್ ಪ್ಯಾನ್ ಕಾಪಿ ನೆಗೆಟಿವ್, 1956 ಅಥವಾ ನಂತರ. ದೃಶ್ಯ ಬಹುಶಃ 1931ರ ನಂತರ. ನಡುವಿನವರು ಗಾಂಧೀಜಿ ಅಲ್ಲ.’ ಮೂಲ ಪ್ರಿಂಟ್ ಯಾರ ಮನೆಯಲ್ಲಾದರೂ ಇದ್ದರೆ ಅದರ ಹಿಂಬದಿಯೇ ನಮಗೆ ಬೇಕಾದದ್ದು.

ಶೆಟ್ರು_ಡಾರ್ಕ್‌ರೂಮ್
ಅಂಚಿನಲ್ಲಿ 5 ಅಂತಿತ್ತಲ್ಲ, ಆ ರೋಲಿನಲ್ಲಿ ಎಂಟು ಫೋಟೋ ಬರುತ್ತಿದ್ದವು. ಉಳಿದ ಏಳು ಟ್ರಂಕಿನಲ್ಲಿ ಎಲ್ಲಾದರೂ ಇವೆಯೇ ನೋಡಿ. 4 ಮತ್ತು 6 ಸಿಕ್ಕರೆ ಅದೇ ದಿನ ಇನ್ನೇನು ಕಾಪಿ ಮಾಡಿಸಿದ್ದರು ಅಂತ ತಿಳಿಯುತ್ತದೆ.

ಸುಮಾ_ಹಾಸನ
ತಿಪಟೂರು ನಮ್ಮ ತವರು. ಬೋರ್ಡಿನ ಭಾಗ ಮಾತ್ರ ಕತ್ತರಿಸಿ ಇಲ್ಲಿ ಹಾಕಿ, ಅಣ್ಣನಿಗೆ ತೋರಿಸಿ ಕೇಳುತ್ತೇನೆ.