ಸಹಾಯ ಬೇಕು: ಪಿಯಾನೋ ಸ್ಕೇಲ್‌ನಲ್ಲಿ ಹೆಬ್ಬೆರಳಿನ ಸ್ವರ ಮಾತ್ರ ಜೋರಾಗುತ್ತಿದೆ

ಬಲಗೈಯಲ್ಲಿ ಸಿ ಮೇಜರ್ ಏರಿಕೆ, ಬೆರಳುಗಳು 1-2-3-1-2-3-4-5. ನಿಧಾನಕ್ಕೆ ಚೆನ್ನಾಗಿ ಬರುತ್ತದೆ. ಮೆಟ್ರೊನೋಮ್ 80ಕ್ಕಿಟ್ಟು ಬಡಿತಕ್ಕೆ ನಾಲ್ಕು ಸ್ವರ ನುಡಿಸಿದರೆ, ಮೂರನೇ ಬೆರಳಿನ ಅಡಿಯಿಂದ ಬರುವ ಹೆಬ್ಬೆರಳು ಎಫ್ ಮೇಲೆ ಧೊಪ್ಪೆಂದು ಬೀಳುತ್ತದೆ. ಮೊಣಕೈಯೂ ಆಚೆ ಏಳುತ್ತದೆ. ಡಿ ನುಡಿಸುವಾಗಲೇ ಹೆಬ್ಬೆರಳನ್ನು ಒಳಗೆ ಸರಿಸಿದರೆ ಸ್ವರ ಸಮವಾಗುತ್ತದೆ, ಆದರೆ ಅಂಗೈ ಬಿಗಿಯುತ್ತದೆ.

ಬಿ ಮೇಜರ್‌ನಲ್ಲಿ ಈ ತೊಂದರೆಯೇ ಇಲ್ಲ. ಉದ್ದ ಬೆರಳುಗಳು ಕಪ್ಪು ಕೀಗಳ ಮೇಲಿರುವುದರಿಂದ ಹೆಬ್ಬೆರಳಿಗೆ ಕೆಳಗೆ ಜಾಗ ಜಾಸ್ತಿ ಸಿಗುತ್ತದೆ, ಅಲ್ವಾ? ಹಾಗಾದರೆ ಸಿ ಮೇಜರ್‌ನಲ್ಲಿ ಮಣಿಕಟ್ಟನ್ನು ತುಸು ಎತ್ತಬೇಕಾ?

ಇನ್ನೊಂದು ಪ್ರಶ್ನೆ. ವೇಗ ಹೆಚ್ಚಿದಾಗ ಹೆಬ್ಬೆರಳನ್ನು ತೂರಿಸುವುದು ಬಿಟ್ಟು ಇಡೀ ಕೈಯನ್ನೇ ಪಕ್ಕಕ್ಕೆ ಜರುಗಿಸುತ್ತೀರಾ? ಹಾಗೆ ಮಾಡಿದರೆ ಇ ಮತ್ತು ಎಫ್ ನಡುವೆ ಸಣ್ಣ ಕಡಿತ ಕೇಳಿಸುತ್ತದೆ. ಯಾವ ವೇಗದಿಂದ ಅದು ಮುಚ್ಚಿಹೋಗುತ್ತದೆ, ದಯವಿಟ್ಟು ತಿಳಿಸಿ.