ಪಾಯಿಂಟ್ ಲೆಕ್ಕದ ‘ಬ್ರೇಕೇಜ್’ಗೆ ‘ಮುರಿತ’ ಅನ್ನಬಹುದಾ?

ಉಡುಪಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಒಂದು ಬಟ್ಟೆ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 100 ರೂಪಾಯಿ ಬಿಲ್ಲಿಗೆ ಒಂದು ಪಾಯಿಂಟ್. ಒಂದು ಪಾಯಿಂಟಿಗೆ ಒಂದು ರೂಪಾಯಿ, 12 ತಿಂಗಳೊಳಗೆ ಬಳಸಬೇಕು. ಶಾಖೆಗಳ ಕ್ಯಾಶಿಯರ್‌ಗಳಿಗಾಗಿ ಈ ಲೆಕ್ಕವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಿರಾಕಿ ಬಳಸುವ ತನಕ ಪಾಯಿಂಟ್ ನಮ್ಮ ತಲೆ ಮೇಲಿನ ಬಾಕಿ. ಅದಕ್ಕೆ ‘ಹೊಣೆ’ ಎಂದು ಬರೆದಿದ್ದೇನೆ.

ತೊಡಕು ಬಂದದ್ದು ‘ಬ್ರೇಕೇಜ್’ ಎಂಬಲ್ಲಿ. ಕೊಟ್ಟ ಪಾಯಿಂಟ್‌ಗಳಲ್ಲಿ ಗಿರಾಕಿಗಳು ಎಂದೂ ಕೇಳಲಿಕ್ಕಿಲ್ಲ ಎಂದು ನಾವು ಮೊದಲೇ ಅಂದಾಜು ಮಾಡುವ ಪಾಲು ಅದು. ‘ಮುರಿತ’ ಎಂದು ಬರೆದೆ. ನಮ್ಮ ಹಿರಿಯ ಕ್ಯಾಶಿಯರ್ ಓದಿ, “ಮುರಿಯೋದು ಅಂದ್ರೆ ಬಿಲ್ಲಲ್ಲಿ ಮುರ್ಕೊಳ್ಳೋದಲ್ವಾ?” ಎಂದು ಕೇಳಿದರು. ಹೌದಲ್ವಾ! ಮುಂಗಡವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ, ಹಳೆ ಬಾಕಿಯನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ. ಕೌಂಟರಿನಲ್ಲಿ ‘200 ಪಾಯಿಂಟ್ ಮುರಿದೆ’ ಅಂದರೆ ಗಿರಾಕಿ ಅದನ್ನು ಬಳಸಿಯಾಯಿತು ಎಂದೇ ಅರ್ಥ. ನನ್ನ ಪದ ಪೂರ್ತಿ ಉಲ್ಟಾ ಹೇಳುತ್ತಿತ್ತು. ಬೇರೆ ಪದ ಬೇಕು.

ಮಣಿಪಾಲದಿಂದ, ಉತ್ತರ

ಇಷ್ಟು ಯೋಚಿಸಬೇಕಾಗಿಲ್ಲ ಅನಿಸುತ್ತದೆ. ಬಳಸದ ಪಾಯಿಂಟ್ ಕೊನೆಗೆ ಅವಧಿ ಮುಗಿದು ಹೋಗುತ್ತದೆ. ‘ಅವಧಿ ಮೀರಿದ್ದು’ ಎಂದರೆ ಸಾಕು, ಎರಡಕ್ಕೂ ಒಂದೇ ಪದ. ರೇಟು ತೆಗೆಯುವುದೂ ಸುಲಭ. ಈ ವರ್ಷ ಬಳಕೆಯಾದದ್ದನ್ನು ಈ ವರ್ಷ ಕೊಟ್ಟದ್ದರಿಂದ ಭಾಗಿಸಿ. ಮಿಕ್ಕಿದ್ದೇ ಅವಧಿ ಮೀರುವ ಪಾಲು. ‘ಮುರಿತ’ದ ವಿಷಯದಲ್ಲಿ ನಿಮ್ಮ ಕ್ಯಾಶಿಯರ್ ಹೇಳಿದ್ದು ಸರಿ.

ಮಂಗಳೂರು ಕದ್ರಿಯಿಂದ, ಉತ್ತರ

ನನ್ನದೂ ಒಂದು ಕೇಸಿದೆ ಮಾರಾಯ್ರೆ. ಒಂದು ಅಂಗಡಿಯಲ್ಲಿ ನನ್ನ 640 ಪಾಯಿಂಟ್ ಇತ್ತು. ಮಗಳ ಮದುವೆ ಸೀರೆಗೆ ಬಳಸುವ ಅಂತ ಇಟ್ಟುಕೊಂಡಿದ್ದೆ. ಹೋಗಿ ಕಾರ್ಡ್ ಕೊಟ್ಟರೆ ಹುಡುಗ ಸ್ಕ್ರೀನ್ ನನ್ನ ಕಡೆಗೆ ತಿರುಗಿಸಿ, “ಪಾಯಿಂಟ್ ಹೋಗಿದೆ ಆಂಟಿ” ಅಂದ. ಸೊನ್ನೆ ಕಾಣುತ್ತಿತ್ತು. ಮೆಸೇಜೂ ಬಂದಿರಲಿಲ್ಲ. ಅದನ್ನು ವಾಪಸು ಪಡೆಯುವುದು ಹೇಗೆ ಎಂದು ಯಾರಾದರೂ ತಿಳಿಸಿ. ಇನ್ನೊಂದು ಅಂಗಡಿಯವರು ಹತ್ತು ದಿನ ಮೊದಲೇ ಮೆಸೇಜು ಕಳಿಸುತ್ತಾರೆ. ಅಲ್ಲಿ ನಾನು ಒಂದು ಪಾಯಿಂಟೂ ಬಿಟ್ಟಿಲ್ಲ.

ಕುಂದಾಪುರದಿಂದ, ಉತ್ತರ

ನಾನು ಆಡಿಟ್ ಕೆಲಸದಿಂದ ನಿವೃತ್ತನಾದವನು. ಮಣಿಪಾಲದವರೇ, ಎರಡೂ ಒಂದೇ ಅಲ್ಲ. ಅವಧಿ ಮೀರುವುದು ಒಂದು ದಿನ ನಿಜವಾಗಿ ನಡೆಯುವ ಘಟನೆ. ಬ್ರೇಕೇಜ್ ನಾವು ಮೊದಲೇ ಕಟ್ಟುವ ಅಂದಾಜು. ಅವಧಿಯೇ ಇಲ್ಲದ ಪಾಯಿಂಟಿಗೂ ಅದು ಇರುತ್ತದೆ. ಕಾರ್ಡ್ ಕಳೆದುಕೊಂಡವರು, ಊರು ಬಿಟ್ಟವರು ಕೇಳುವುದೇ ಇಲ್ಲವಲ್ಲ.

ನಿಮ್ಮ ಭಾಗಾಕಾರದಲ್ಲೂ ತಪ್ಪಿದೆ. ಉಡುಪಿಯವರ ಅಂಗಡಿಯಂಥದ್ದೇ ಒಂದು ಅಂಗಡಿ ಎಂದುಕೊಳ್ಳಿ. ಮೊದಲ ವರ್ಷ 1,00,000 ಪಾಯಿಂಟ್ ಕೊಟ್ಟಿತು. ಆ ವರ್ಷ 30,000 ಬಳಕೆಯಾಯಿತು. ಎರಡನೇ ವರ್ಷ ಹೊಸ ಶಾಖೆ ತೆರೆದು 2,00,000 ಕೊಟ್ಟಿತು, ಬಳಕೆಯಾದದ್ದು 1,10,000. ನಿಮ್ಮ ರೀತಿಯಲ್ಲಿ ಭಾಗಿಸಿದರೆ 55%. ಆದರೆ ಆ 1,10,000ದಲ್ಲಿ 42,000 ಮೊದಲ ವರ್ಷ ಕೊಟ್ಟ ಪಾಯಿಂಟು. ಅಂದರೆ ಮೊದಲ ವರ್ಷದ್ದು ಒಟ್ಟು 72,000 ಬಳಕೆಯಾಗಿ 28,000 ಮಾತ್ರ ಹೋಯಿತು. ನಿಜವಾದ ದರ 72%. ವ್ಯಾಪಾರ ಬೆಳೆಯುವಾಗ ಈ ವರ್ಷ ಕೊಟ್ಟದ್ದು ಕೆಳಗೆ ದೊಡ್ಡದಾಗಿ ಕೂರುತ್ತದೆ, ಅದರ ಬಳಕೆ ಇನ್ನೂ ಬಂದಿರುವುದಿಲ್ಲ. ದರ ಸುಳ್ಳೇ ಇಳಿದಂತೆ ಕಾಣುತ್ತದೆ.

ಇದರಿಂದ ಹೊಣೆ ಎಷ್ಟು ಕಡಿಮೆ ಬೀಳುತ್ತದೆ ನೋಡಿ. ಎರಡನೇ ವರ್ಷ ಕೊಟ್ಟದ್ದರಲ್ಲಿ ಆ ವರ್ಷವೇ ಬಳಕೆಯಾದದ್ದು 68,000. 72% ಹಿಡಿದರೆ ಕೊನೆಗೆ ಒಟ್ಟು 1,44,000 ಬಳಕೆಯಾಗಬೇಕು. ಇನ್ನೂ ಬರಬೇಕಾದದ್ದು 76,000. 55% ಹಿಡಿದರೆ 42,000 ಮಾತ್ರ. 34,000 ಪಾಯಿಂಟು ಲೆಕ್ಕದಿಂದಲೇ ಮಾಯ! ಅದಕ್ಕೇ ಕೊಟ್ಟ ತಿಂಗಳ ಪ್ರಕಾರ ಪಾಯಿಂಟುಗಳನ್ನು ಬೇರೆ ಬೇರೆ ಇಟ್ಟು, ಒಂದೊಂದನ್ನೂ ಕೊನೆಯವರೆಗೆ ಹಿಂಬಾಲಿಸಬೇಕು.

ಕದ್ರಿಯ ಅಕ್ಕ, ಹೋದ ಪಾಯಿಂಟು ಆಯಾ ಅಂಗಡಿಯ ನಿಯಮಕ್ಕೆ ಬಿಟ್ಟದ್ದು. ಮ್ಯಾನೇಜರ್ ಹತ್ತಿರ ಒಮ್ಮೆ ಕೇಳಿ ನೋಡಿ. ಆದರೆ ನೀವು ಹೇಳಿದ ಮೆಸೇಜಿನ ಮಾತು ಬಹಳ ಮುಖ್ಯ. ಮೆಸೇಜು ಶುರುವಾದ ಮೇಲೆ ಕೊನೆಯ ತಿಂಗಳ ಬಳಕೆ ಏರುತ್ತದೆ. ಹಳೇ 72% ಮತ್ತೆ ಹೊಂದುವುದಿಲ್ಲ. ಮೇಲಿನ ಲೆಕ್ಕದಲ್ಲೇ ಮೊದಲ ವರ್ಷದ ಪಾಯಿಂಟು ಅದೇ ವರ್ಷ 30% ಬಳಕೆಯಾಗಿತ್ತು, ಎರಡನೆಯದು 34%. ಎಲ್ಲೋ ಗಿರಾಕಿಯ ಅಭ್ಯಾಸ ಬದಲಾಗಿದೆ ಎಂದು ಅಲ್ಲೇ ಅನುಮಾನ ಬರಬೇಕು.

ಇನ್ನು ‘ಹೊಣೆ’. ಅಢಾವೆ ಪತ್ರಿಕೆಯಲ್ಲಿ ‘ಜವಾಬ್ದಾರಿ’ ಎಂದೂ ಬರೆಯುತ್ತಾರೆ, ನನಗೆ ‘ಹೊಣೆ’ಯೇ ಇಷ್ಟ. ‘ಸಾಲ’ ಬೇಡ. 2018ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕದ ಮಾನದಂಡದ ಪ್ರಕಾರ, ಗಿರಾಕಿ ಕೊಟ್ಟ ಹಣದಲ್ಲೇ ಒಂದು ಪಾಲು ಪಾಯಿಂಟಿನ ಬೆಲೆ. ಅದನ್ನು ಮುಂಗಡದ ಹಾಗೆ ಆಚೆ ಇಡಬೇಕು. ಅದರಲ್ಲೇ ಒಂದು ಉದಾಹರಣೆ ಇದೆ. 1,00,000ದ ಮಾಲು ಮಾರಿ 10,000 ಪಾಯಿಂಟ್ ಕೊಟ್ಟು, 9,500 ಬಳಕೆಯಾಗಬಹುದು ಎಂದು ಅಂದಾಜಿಸಿದರೆ, ಆಚೆ ಇಡುವುದು 9,500 ಅಲ್ಲ, 8,676. ಬಂದ ಹಣ 1,00,000ವೇ ಆದ್ದರಿಂದ ಅದನ್ನು ಮಾಲು ಮತ್ತು ಪಾಯಿಂಟ್ ಎರಡರ ನಡುವೆ ಪ್ರಮಾಣದಂತೆ ಹಂಚುತ್ತಾರೆ. ಸಣ್ಣ ಅಂಗಡಿಗೆ ಈ ಹಂಚಿಕೆ ಕಡ್ಡಾಯವಲ್ಲ. ಆದರೂ ಬಳಕೆಯಾಗಬಹುದಾದಷ್ಟಕ್ಕೆ ಹಣ ತೆಗೆದಿಡಲೇಬೇಕು.

ಬ್ರೇಕೇಜ್‌ಗೆ ನನ್ನ ಸಲಹೆ ‘ಕೇಳದ ಪಾಲು’.

ಉಡುಪಿಯಿಂದ, ಮತ್ತೆ

ಸಾರ್, ತುಂಬ ಉಪಕಾರವಾಯಿತು. ನಾನೂ ವರ್ಷಕ್ಕೆ ವರ್ಷ ಭಾಗಿಸಿಯೇ ಬರೆದಿಟ್ಟಿದ್ದೆ. ನಿನ್ನೆ ರಾತ್ರಿ ಕೂತು ತಿಂಗಳ ಪ್ರಕಾರ ಬಿಡಿಸಿದೆ. ಎರಡು ವರ್ಷ ಹಿಂದಿನ ದೀಪಾವಳಿ ತಿಂಗಳಲ್ಲಿ ಕೊಟ್ಟ ಪಾಯಿಂಟು ಉಳಿದ ಎಲ್ಲ ತಿಂಗಳಿಗಿಂತ ಜಾಸ್ತಿ ಉಳಿದುಹೋಗಿತ್ತು. ಮುಂದಿನ ವರ್ಷ ದೀಪಾವಳಿ ಎರಡು ವಾರಕ್ಕಿಂತ ಹೆಚ್ಚು ತಡವಾಗಿ ಬಂತು. ಹಬ್ಬಕ್ಕೆ ಬಂದವರು ಮತ್ತೆ ಹಬ್ಬಕ್ಕೇ ಬರುತ್ತಾರೆ, ಅಷ್ಟರಲ್ಲಿ 12 ತಿಂಗಳು ಮುಗಿದಿತ್ತು. ಇದನ್ನು ಮಾಲೀಕರಿಗೆ ತೋರಿಸುತ್ತೇನೆ. ಅವಧಿ 13 ತಿಂಗಳು ಮಾಡಬೇಕೆಂದು ನನ್ನ ಆಸೆ.

‘ಕೇಳದ ಪಾಲು’ ಹಾಕಿಕೊಂಡಿದ್ದೇನೆ. ನಿಜವಾಗಿ ಹೋದದ್ದಕ್ಕೆ ‘ಅವಧಿ ಮೀರಿದ್ದು’. ಪಾಯಿಂಟ್ ಬಳಸುವುದಕ್ಕೆ ‘ಮುರಿದುಕೊಳ್ಳುವುದು’ ಎಂದೇ ಇಡುತ್ತೇನೆ. ಒಂದೊಂದು ತಿಂಗಳ ಪಾಯಿಂಟಿನ ಗುಂಪಿಗೆ ಏನನ್ನಲಿ?

ಮಣಿಪಾಲದಿಂದ, ಮತ್ತೆ

ಭಾಗಾಕಾರದಲ್ಲಿ ತಪ್ಪಿದ್ದೆ, ಒಪ್ಪುತ್ತೇನೆ. ಆದರೆ ‘ಕೇಳದ’ ಎಂದರೆ ಕಿವಿಗೆ ಬೀಳದ್ದು ಎಂದೂ ಆಗುತ್ತದೆ. ‘ಕೇಳಿ ಬಾರದ ಪಾಲು’? ಗುಂಪಿಗೆ ‘ಬೆಳೆ’ ಅನ್ನಬಹುದು. ಏಪ್ರಿಲ್ ಬೆಳೆ, ಮೇ ಬೆಳೆ.

ಕುಂದಾಪುರದಿಂದ, ಮತ್ತೆ

‘ಬೆಳೆ’ ಚೆನ್ನಾಗಿದೆ. ‘ಕೇಳಿ ಬಾರದ’ ಬೇಡ. ಅದು ಕೇಳಿದರೂ ಬಾರದ ಸಾಲದ ಹಾಗೆ ಆಗುತ್ತದೆ, ಅಲ್ಲಿ ಕೇಳುವವರು ನಾವು. ಇಲ್ಲಿ ಕೇಳಬೇಕಾದವರು ಗಿರಾಕಿ.

ಕ್ಯಾಶ್‌ಬ್ಯಾಕ್ ಬಗ್ಗೆಯೂ ಒಂದು ಮಾತು. ನಮ್ಮ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಕ್ಯಾಶ್‌ಬ್ಯಾಕು ಹೆಸರು ಬೇರೆಯಾದ ಪಾಯಿಂಟೇ. ಆದರೆ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಬಹುದಾದದ್ದು ಗಿರಾಕಿಗೆ ಕೊಡಬೇಕಾದ ಹಣ. ಅದರಲ್ಲಿ ‘ಕೇಳದ ಪಾಲು’ ಎಂದು ಅಂದಾಜಿನ ಮೇಲೆ ಕಳೆಯಲು ಬರುವುದಿಲ್ಲ. ಕೊಡುವ ತನಕ, ಇಲ್ಲವೇ ಗಿರಾಕಿಯ ಹಕ್ಕು ನಿಜವಾಗಿ ಮುಗಿಯುವ ತನಕ ಪೂರ್ತಿ ಹಾಗೇ ನಿಲ್ಲಬೇಕು. ಎರಡನ್ನೂ ‘ಕ್ಯಾಶ್‌ಬ್ಯಾಕ್’ ಎಂದೇ ಬರೆದರೆ ಕ್ಯಾಶಿಯರಿಗೆ ಗೊತ್ತಾಗುವುದು ಹೇಗೆ? ಇವೆರಡಕ್ಕೆ ಬೇರೆ ಬೇರೆ ಕನ್ನಡ ಹೆಸರು ಯಾರಿಗಾದರೂ ಹೊಳೆಯುತ್ತದಾ?