ಸಹಾಯ ಬೇಕು: ನ್ಯೂಟನ್ ಉಂಗುರಗಳ ನಡುವೆ ಕಪ್ಪು ಚುಕ್ಕೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಸೋಡಿಯಂ ದೀಪದ ಬೆಳಕಿನಲ್ಲಿ ನ್ಯೂಟನ್ ಉಂಗುರ ನೋಡಿ ಲೆನ್ಸಿನ ವಕ್ರತಾ ತ್ರಿಜ್ಯ ಕಂಡುಹಿಡಿಯಬೇಕು. ಉಂಗುರಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ ನಟ್ಟನಡುವೆ ಕಪ್ಪು ಚುಕ್ಕೆ ಇರಬೇಕಾದಲ್ಲಿ ಹಳದಿ ಬೆಳಕಿದೆ.

ಕಪ್ಪು ಉಂಗುರಗಳ ವ್ಯಾಸ ಹೀಗೆ ಬಂತು: 5ನೆಯದು 3.26 ಮಿ.ಮೀ., 10ನೆಯದು 4.73, 20ನೆಯದು 6.78. D² = 4nλR ಸೂತ್ರಕ್ಕೆ ಒಂದೊಂದೇ ಉಂಗುರ ಹಾಕಿದರೆ R ಬೇರೆ ಬೇರೆ ಬರುತ್ತದೆ. 5ಕ್ಕೆ 90 ಸೆಂ.ಮೀ., 10ಕ್ಕೆ 95, 20ಕ್ಕೆ 97.5. ಒಂದೇ ಲೆನ್ಸು, ಹೀಗೆ ಏರುತ್ತಾ ಹೋಗಬಾರದು ಅಲ್ವಾ?

ಆಮೇಲೆ 20 ಮತ್ತು 10ರ ವ್ಯಾಸದ ವರ್ಗಗಳನ್ನು ಕಳೆದು 4λ × 10ರಿಂದ ಭಾಗಿಸಿದೆ. R = 100 ಸೆಂ.ಮೀ. ಬಂತು. λ 589.3 ನ್ಯಾನೊಮೀಟರ್ ತಗೊಂಡಿದ್ದೇನೆ.

ನನಗನಿಸುವುದು, ಲೆನ್ಸು ಗಾಜಿಗೆ ತಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಲ್ಯಾಬಿಗೆ ಧೂಳು ಜಾಸ್ತಿ ಬರುತ್ತದೆ. ಒಂದು ಕಣ ಸಿಕ್ಕಿಕೊಂಡರೂ ಸಣ್ಣ ಸಂದು ಬಿಡುತ್ತದೆ. ಆ ಸಂದು ಪ್ರತಿ D²ಗೂ ಒಂದೇ ಮೊತ್ತ ಕಡಿಮೆ ಮಾಡುತ್ತದೆ, ಅದಕ್ಕೇ ಒಳಗಿನ ಉಂಗುರಗಳಿಗೆ ಪೆಟ್ಟು ಜಾಸ್ತಿ. ಕಳೆದಾಗ ಅದು ಹೊರಟುಹೋಗುತ್ತದೆ.

ಇದು ಸರಿನಾ? ರೆಕಾರ್ಡಿನಲ್ಲಿ 100 ಬರೆದರೆ ಸಾಕಾ, ಅಥವಾ ಲೆನ್ಸು ಒರೆಸಿ ಮತ್ತೆ ಅಳೆಯಬೇಕಾ? ಸುಮ್ನೆ ಕರ್ಚೀಫಿನಿಂದ ಒರೆಸಿದರೆ ಗೀರು ಬೀಳುತ್ತದೆಂದು ಭಯ. ಈ ಪ್ರಯೋಗ ಮಾಡಿದ ಅಣ್ಣ, ಅಕ್ಕಂದಿರು ಏನು ಬಳಸಿದ್ದಿರಿ, ದಯವಿಟ್ಟು ಹೇಳಿ.